ಗಂಟೆಗೆ ವೈಜ್ಞಾನಿಕ ಕಾರಣ ಹುಡುಕಬೇಡಿ

“ಆರು ವರ್ಷದ ಮಗಳು ಪೂಜೆಯಲ್ಲಿ ಗಂಟೆ ಯಾಕೆ, ಕುಂಕುಮ ಯಾಕೆ, ಸುತ್ತೋದು ಯಾಕೆ ಅಂತ ಕೇಳ್ತಾಳೆ. ಇವಕ್ಕೆ ವೈಜ್ಞಾನಿಕ ಕಾರಣ ಏನಂತ ಹೇಳಲಿ?”

ವೈಜ್ಞಾನಿಕ ಕಾರಣ ಹೇಳಲೇಬೇಡಿ. ನಾನು ಹೇಳಿ ಕೆಟ್ಟೆ. ಗಂಟೆಯ ನಾದ ಏಳು ಸೆಕೆಂಡು ನಿಂತು ಮಿದುಳನ್ನು ಎಚ್ಚರಿಸುತ್ತದೆ ಎಂದು ಮಗನಿಗೆ ಹೇಳಿದ್ದೆ. ಅವನು ಬಾರಿಸಿ ಎಣಿಸಿದ, ಮೂರಕ್ಕೇ ನಿಂತಿತು. ಆಮೇಲೆ ಏನು ಹೇಳಿದರೂ “ನಿಜವಾ?” ಅನ್ನತೊಡಗಿದ. ತಪ್ಪು ಸೆಕೆಂಡಿನ ಲೆಕ್ಕದಲ್ಲಿರಲಿಲ್ಲ. ನಮ್ಮ ಹಿರಿಯರು ಗಂಟೆ ಬಾರಿಸಿದ್ದು ಆ ಕಾರಣಕ್ಕೇ ಅಲ್ಲ, ನಾನು ಮಾತ್ರ ಅದೇ ಕಾರಣ ಅಂದೆ. ಲೆಕ್ಕ ಸರಿಯಾಗಿದ್ದರೂ ಅದು ಸುಳ್ಳೇ.

ನಿಜವಾದ ಕಾರಣ ಗಂಟೆ ಬಾರಿಸುವಾಗ ಹೇಳುವ ಶ್ಲೋಕದಲ್ಲೇ ಇದೆ: “ಆಗಮಾರ್ಥಂ ತು ದೇವಾನಾಂ ಗಮನಾರ್ಥಂ ತು ರಾಕ್ಷಸಾಂ.” ಮಗುವಿಗೆ ಇಷ್ಟು ಸಾಕು: “ದೇವರೇ ಬಾ, ಕೆಟ್ಟದ್ದೇ ಹೋಗು ಅಂತ ಕರೆಯೋಕೆ ಬಾರಿಸ್ತೀವಿ.” ಆಮೇಲೆ ಗಂಟೆಯನ್ನು ಅವಳ ಕೈಗೇ ಕೊಡಿ. ಮೊದಲು ಹಿಡಿಯಿಂದ ಹಿಡಿದು ಬಾರಿಸಲಿ, ಆಮೇಲೆ ಅಂಚನ್ನು ಬೆರಳಿಂದ ಒತ್ತಿ ಹಿಡಿದು ಬಾರಿಸಲಿ. ಎರಡನೇ ಸಲ ‘ಟಕ್’ ಎಂದಷ್ಟೇ ಕೇಳುತ್ತದೆ, ಯಾಕೆಂದರೆ ಕಂಚಿನ ನಡುಕವನ್ನು ಬೆರಳು ತಡೆದಿದೆ. ಇದು ನಾದದ ವಿಜ್ಞಾನ, ಪೂಜೆಯ ಕಾರಣವಲ್ಲ ಎಂದು ಬೇರೆ ಮಾಡಿಯೇ ಹೇಳಿ.

ಕುಂಕುಮಕ್ಕೂ ಹಾಗೇ. ಹುಬ್ಬಿನ ನಡುವೆ ನರ ಒತ್ತುತ್ತದೆ ಅನ್ನಬೇಡಿ. “ಪೂಜೆ ಮಾಡಿದ ಗುರುತು, ದೇವರ ಪ್ರಸಾದ” ಅನ್ನಿ. ವಿಭೂತಿಯ ಅಡ್ಡ ಪಟ್ಟೆ ಶಿವನ ಭಕ್ತರದು, ಉದ್ದ ನಾಮ ವಿಷ್ಣುವಿನ ಭಕ್ತರದು ಎಂದರೆ ಬೇರೆಯವರ ಹಣೆ ನೋಡಿದಾಗಲೂ ಅವಳಿಗೆ ಅರ್ಥವಾಗುತ್ತದೆ. ಬಣ್ಣ ಎಲ್ಲಿಂದ ಬಂತು ಅಂದರೆ ಒದ್ದೆ ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆಸಿ ತೋರಿಸಿ, ಕೆಂಪಾಗುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ, ಹಾಗಾಗಿ ನೀವೇ ಬೆರೆಸಿ.

ಪ್ರದಕ್ಷಿಣೆಯಲ್ಲಿ ಮಕ್ಕಳು ಎಡವುವುದು ದಿಕ್ಕಿನಲ್ಲಿ. ‘ದಕ್ಷಿಣ’ ಎಂದರೆ ಬಲಗಡೆ ಎಂಬ ಅರ್ಥವೂ ಇದೆ; ಅದನ್ನು ಕೇಳಿ ಬಲಕ್ಕೇ ಹೊರಟುಬಿಡುತ್ತಾರೆ, ಆಗ ದೇವರು ಎಡಕ್ಕೆ ಬರುತ್ತಾನೆ. “ಬಲಗೈ ಯಾವಾಗಲೂ ದೇವರ ಕಡೆಗಿರಲಿ” ಅನ್ನಿ. ಎದುರು ನಿಂತವಳು ತನ್ನ ಎಡಕ್ಕೆ ಹೆಜ್ಜೆ ಇಟ್ಟರೆ ಸರಿಯಾಯಿತು. ಯಾಕೆ ಅಂದರೆ, “ದೇವರನ್ನು ನಡುವೆ ಇಟ್ಟುಕೊಂಡು ಸುತ್ತ ನಡೆಯೋದು, ಗೌರವ ತೋರಿಸೋ ರೀತಿ.” ಶಿವನ ಗುಡಿಯಲ್ಲಿ ಪೂರ್ತಿ ಸುತ್ತದೆ ಹಿಂತಿರುಗುವವರನ್ನು ಕಂಡು ಅವಳು ಕೇಳಿಯೇ ಕೇಳುತ್ತಾಳೆ. ಅಭಿಷೇಕದ ನೀರು ಹೊರಬರುವ ಸೋಮಸೂತ್ರವನ್ನು ಕೈಮಾಡಿ ತೋರಿಸಿ: “ಆ ನೀರನ್ನು ದಾಟಬಾರದು ಅಂತ ಅಲ್ಲಿವರೆಗೆ ಹೋಗಿ ಬಂದ ದಾರೀಲೇ ವಾಪಸ್ ಬರ್ತಾರೆ.” ದಾಟಿದರೆ ಪಾಪ ತಗಲುತ್ತದೆ ಎಂದು ಹೆದರಿಸಬೇಡಿ, ಗೊತ್ತಿಲ್ಲದೆ ದಾಟಿದ ಮಗು ಆ ರಾತ್ರಿ ನಿದ್ದೆ ಮಾಡುವುದಿಲ್ಲ.