ಸಂಪಾದಕೀಯದ ಸಾರ ಉಲ್ಟಾ ಆಗುವುದು ಎಲ್ಲಿ?

"ಕನ್ನಡ ಪೇಪರಿನ ಸಂಪಾದಕೀಯದ ಫೋಟೋ ನೋಡಿಕೊಂಡು ಇಂಗ್ಲಿಷ್‌ನಲ್ಲಿ ಕ್ಲೇಮ್, ರೀಸನ್ಸ್, ಕನ್‌ಕ್ಲೂಷನ್ ಅಂತ ಔಟ್‌ಲೈನ್ ಬರೆಯಬೇಕು. ನಾನು ಬರೆದಿದ್ದು ಲೇಖಕರ ಮಾತಿಗೆ ಉಲ್ಟಾ ಆಗಿದೆ ಅಂತಾರೆ ಸರ್. ಎಲ್ಲಿ ತಪ್ಪುತ್ತಿದೆ?"

ಮೊದಲು ಫೋಟೋ ನೋಡಿ. ನಮ್ಮ ವಾಕ್ಯದ ತೀರ್ಪು ಇರುವುದು ಕೊನೆಯ ಪದದಲ್ಲಿ. ಪೇಪರಿನ ಕಾಲಂ ಸಣ್ಣದು, ಪದ ಅರ್ಧಕ್ಕೇ ಮುರಿದು ಕೆಳಗಿನ ಸಾಲಿಗೆ ಹೋಗುತ್ತದೆ. "ಮಾಡಬೇಕಿ" ಅಂತ ಸಾಲು ಮುಗಿದು, ಮುಂದಿನ ಸಾಲಿನ ಶುರು ಮಡಿಕೆಯಲ್ಲಿ ಮುಚ್ಚಿಹೋಗಿದ್ದರೆ ಅಲ್ಲಿರುವುದು "ದೆ" ನೋ "ಲ್ಲ" ನೋ? ಒಂದಾದರೆ ಮಾಡಲೇಬೇಕು, ಇನ್ನೊಂದಾದರೆ ಮಾಡುವ ಅಗತ್ಯವಿಲ್ಲ. ಊಹಿಸಬೇಡಿ. ಪೇಪರನ್ನು ಬಿಡಿಸಿ ಹಗಲು ಬೆಳಕಿನಲ್ಲಿ ಇಟ್ಟು, ಮೇಲಿನಿಂದ ನೇರವಾಗಿ, ಒಂದೊಂದು ಕಾಲಂಗೂ ಬೇರೆ ಬೇರೆ ಫೋಟೋ ತೆಗೆಯಿರಿ.

ಇನ್ನೊಂದು ಜಾಗ ಇದಕ್ಕಿಂತ ಜಾಸ್ತಿ ಕೆಡಿಸುತ್ತದೆ. ಮೊನ್ನೆ ಸಾಗರದಲ್ಲಿ ನನ್ನ ಹತ್ತಿರ ಇಂಗ್ಲಿಷ್ ಕಲಿಯುವ ಹುಡುಗಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬಂದ ಸಂಪಾದಕೀಯವೊಂದನ್ನು ತಂದಿದ್ದಳು. ಅದರಲ್ಲಿ ಹೀಗಿತ್ತು: "ಔಷಧಿ ಹಂಚಿದರೆ ರೋಗ ಹತೋಟಿಗೆ ಬರುತ್ತದೆ ಎಂಬ ವಾದವಿದೆ. ಇದು ತಕ್ಕಮಟ್ಟಿಗೆ ನಿಜ. ಆದರೆ ಒಬ್ಬರು ಸಿಂಪಡಿಸಿ ಪಕ್ಕದ ತೋಟದವರು ಬಿಟ್ಟರೆ ಪ್ರಯೋಜನವೇನು?" ಅವಳು ಮೊದಲ ವಾಕ್ಯವನ್ನೇ ಕ್ಲೇಮ್ ಅಂತ ಬರೆದುಬಿಟ್ಟಿದ್ದಳು. ಅದು ಬೇರೆಯವರ ಮಾತು, ಲೇಖಕರು ಅದನ್ನು ತಂದಿದ್ದೇ ಮುರಿಯುವುದಕ್ಕೆ. "ಎಂಬ ವಾದವಿದೆ", "ಎನ್ನಲಾಗುತ್ತಿದೆ" ಕಂಡ ಕೂಡಲೇ ಪೆನ್ಸಿಲ್‌ನಲ್ಲಿ ಗುರುತು ಹಾಕಿ, ಮುಂದೆ "ಆದರೆ" ಎಲ್ಲಿದೆ ಅಂತ ಹುಡುಕಿ. ಲೇಖಕರ ಸ್ವಂತ ಮಾತು ಹೆಚ್ಚಾಗಿ ಅಲ್ಲಿಂದಲೇ ಶುರು. ಔಟ್‌ಲೈನ್‌ನಲ್ಲಿ ಆ ಎದುರು ವಾದಕ್ಕೂ ಜಾಗ ಬೇಕು ಅನಿಸಿದರೆ 'ಸಮ್ ಆರ್ಗ್ಯೂ' ಅಂತ ಶುರುಮಾಡಿ ಬೇರೆ ಸಾಲಿನಲ್ಲಿ ಬರೆಯಿರಿ.

"ಪ್ರಯೋಜನವೇನು?" ಅನ್ನುವುದು ಪ್ರಶ್ನೆ ಅಲ್ಲ, ಪ್ರಯೋಜನವಿಲ್ಲ ಅಂತ ಅರ್ಥ. ಇಂಗ್ಲಿಷ್‌ನಲ್ಲಿ ಅದನ್ನು ಪ್ರಶ್ನೆಯಾಗಿ ಇಡಬೇಡಿ, ನೇರ ಹೇಳಿಕೆ ಮಾಡಿ. ಹಾಗೆ ಮಾಡಿದಾಗ ನಮಗೆ ಕ್ಲೇಮ್ ಸಿಕ್ಕಿತು: ಒಬ್ಬೊಬ್ಬರೇ ಔಷಧಿ ಹೊಡೆದರೆ ಸಾಲದು. ರೀಸನ್ಸ್ ಎರಡೇ ಇದ್ದವು. ರೋಗದ ಶಿಲೀಂಧ್ರ ಗಾಳಿ ಮಳೆಯಲ್ಲಿ ತೋಟದಿಂದ ತೋಟಕ್ಕೆ ಹರಡುತ್ತದೆ. ಮರ ಹತ್ತಿ ಸಿಂಪಡಿಸುವವರ ಕೂಲಿ ಸಣ್ಣ ಬೆಳೆಗಾರರಿಗೆ ಹೊರೆಯಾಗುತ್ತದೆ. ನಡುವೆ ಒಂದು ಪ್ಯಾರಾ ಪೂರ್ತಿ ತೋಟಗಳು ಹಳದಿಯಾಗಿ ನಿಂತಿರುವ ವರ್ಣನೆ ಇತ್ತು, ಓದಿದರೆ ಹೊಟ್ಟೆ ಉರಿಯುತ್ತದೆ, ಆದರೆ ಅದು ಕಾರಣ ಅಲ್ಲ, ಬಿಟ್ಟೆವು.

ಕನ್‌ಕ್ಲೂಷನ್ ಕೊನೆಯ ಪ್ಯಾರಾದಲ್ಲಿತ್ತು: ಊರಿನವರೆಲ್ಲ ಒಟ್ಟಿಗೆ ಸಿಂಪಡಿಸುವ ಹಾಗೆ ಸರ್ಕಾರ ವ್ಯವಸ್ಥೆ "ಮಾಡಬೇಕು". ಅವಳು ಅದಕ್ಕೆ 'ಕ್ಯಾನ್' ಹಾಕಿದ್ದಳು. ಅದು "ಮಾಡಬಹುದು" ಆಯಿತು, ಲೇಖಕರ ಒತ್ತಾಯ ಸುಮ್ನೆ ಸಲಹೆಯ ಹಾಗೆ ಕೇಳಿಸಿತು. 'ಶುಡ್' ಅಂತ ತಿದ್ದಿದೆವು.

ಬರೆದಾದ ಮೇಲೆ ಇಂಗ್ಲಿಷ್‌ನ ಒಂದೊಂದು ಸಾಲಿಗೂ ಫೋಟೋದಲ್ಲಿ ಅದರ ಕನ್ನಡ ವಾಕ್ಯ ಯಾವುದು ಅಂತ ಬೆರಳಿಟ್ಟು ತೋರಿಸಿ ನೋಡಿ. ಬೆರಳಿಡಲು ಜಾಗವೇ ಸಿಗದ ಸಾಲು ನಿಮ್ಮದು, ಲೇಖಕರದಲ್ಲ. ಅದನ್ನು ಹೊಡೆದುಹಾಕಿ.