290 ವ್ಯಾಟ್ ಎಸ್‌ಎಂಪಿಎಸ್ ಇರೋ ಹಳೇ ಆಪ್ಟಿಪ್ಲೆಕ್ಸ್‌ಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಪ್ರಶ್ನೆ: "ಆಫೀಸ್‌ನಲ್ಲಿ ಮಾರಿದ ಡೆಲ್ ಆಪ್ಟಿಪ್ಲೆಕ್ಸ್ 9020 ಟವರ್ ತಗೊಂಡಿದೀನಿ. ಐ5-4590, 16 ಜಿಬಿ ರ್‍ಯಾಮ್. ಎಸ್‌ಎಂಪಿಎಸ್ 290 ವ್ಯಾಟ್. ಜಿಟಿಎಕ್ಸ್ 1660 ಸೂಪರ್ ಸೆಕೆಂಡ್ ಹ್ಯಾಂಡ್ ಸಿಗ್ತಾ ಇದೆ. ಹಾಕಬಹುದಾ?"

ಈಗಿರುವ ಎಸ್‌ಎಂಪಿಎಸ್‌ ಮೇಲೆ ಬೇಡ.

ಮೇಲಿನ ಕಾಮೆಂಟ್‌ನಲ್ಲಿ ಒಬ್ಬರು ಲೆಕ್ಕ ಹಾಕಿದ್ದಾರೆ: ಕಾರ್ಡ್ 125, ಪ್ರೊಸೆಸರ್ 84, ಉಳಿದದ್ದಕ್ಕೆ 40, ಒಟ್ಟು ಹತ್ತಿರಹತ್ತಿರ 250, ಹಾಗಾಗಿ 290 ಸಾಕು ಅಂತ. ಕೂಡಿದ್ದು ಸರಿಯಾಗಿದೆ. ಆದರೆ ಆ ಕರೆಂಟ್ ಕಾರ್ಡ್‌ಗೆ ಯಾವ ದಾರಿಯಲ್ಲಿ ಹೋಗಬೇಕು ಅನ್ನೋದನ್ನು ನೋಡಿಲ್ಲ. 1660 ಸೂಪರ್‌ಗೆ 8 ಪಿನ್ ವೈರ್ ಬೇಕು. ನಿಮ್ಮ ಎಸ್‌ಎಂಪಿಎಸ್‌ನಿಂದ ಅಂಥ ವೈರೇ ಹೊರಗೆ ಬಂದಿಲ್ಲ. ಬೋರ್ಡ್‌ನ ಉದ್ದನೆಯ ಸ್ಲಾಟ್ ಒಂದು ಕಾರ್ಡ್‌ಗೆ ಹೆಚ್ಚೆಂದರೆ 75 ವ್ಯಾಟ್ ಕೊಡುತ್ತದೆ. ಮಿಕ್ಕ 50 ಎಲ್ಲಿಂದ ಬರಬೇಕು?

ಇಲ್ಲಿಗೇ ಅಂಗಡಿಯವರು ಸಾಟಾದಿಂದ 8 ಪಿನ್‌ಗೆ ಅಡಾಪ್ಟರ್ ಕೊಡ್ತಾರೆ. ಅದನ್ನು ದಯವಿಟ್ಟು ತಗೋಬೇಡಿ. ಒಂದು ಸಾಟಾ ಪವರ್ ಕನೆಕ್ಟರ್ 12 ವೋಲ್ಟ್‌ನಲ್ಲಿ ಹೊರುವುದು ನಾಲ್ಕೂವರೆ ಆಂಪ್, ಅಂದರೆ 54 ವ್ಯಾಟ್. ಕಾರ್ಡ್ ಆ 8 ಪಿನ್‌ನಿಂದ 150ರವರೆಗೆ ಎಳೆಯಬಹುದು ಅಂತ ನಂಬಿರುತ್ತದೆ. ಗೇಮ್‌ನಲ್ಲಿ ಕ್ಷಣಕಾಲ ಸರಾಸರಿಗಿಂತ ಜಾಸ್ತಿ ಎಳೆಯುವುದೂ ಉಂಟು. ಆಗ ಮೊದಲು ಬಿಸಿಯಾಗೋದು ಆ ಪ್ಲಾಸ್ಟಿಕ್ ಕನೆಕ್ಟರ್. ಕೈಯಿಟ್ಟು ನೋಡಿದರೆ ಗೊತ್ತಾಗುತ್ತದೆ, ಇನ್ನೂ ತಡವಾದರೆ ವಾಸನೆಯೇ ಹೇಳುತ್ತದೆ. ಇನ್ನೊಂದು ವಿಷಯ. ಡಬ್ಬ ತೆರೆದು ಹಾರ್ಡ್ ಡಿಸ್ಕ್‌ನ ಪವರ್ ವೈರ್ ಎಲ್ಲಿಂದ ಹೊರಡುತ್ತದೆ ನೋಡಿ. ಇಂಥ ಆಫೀಸ್ ಮೆಷಿನ್‌ಗಳಲ್ಲಿ ಅದು ಎಸ್‌ಎಂಪಿಎಸ್‌ನಿಂದ ಬರದೆ ಮದರ್‌ಬೋರ್ಡ್‌ನಿಂದ ಬರುವುದು ಸಾಮಾನ್ಯ. ಹಾಗಿದ್ದರೆ ಅಡಾಪ್ಟರ್ ಹಾಕಿದಿರಿ ಅಂದರೆ ಕಾರ್ಡ್‌ನ ಹೊರೆಯೆಲ್ಲ ಬೋರ್ಡ್‌ನ ಸಣ್ಣ ತಾಮ್ರದ ಗೆರೆಗಳ ಮೇಲೆ ಬಿತ್ತು.

ಹಾಗಾಗಿ ಸ್ಲಾಟ್‌ನ ಕರೆಂಟ್‌ನಲ್ಲೇ ಓಡೋ ಕಾರ್ಡ್ ಹುಡುಕಿ. ನಾನಾದರೆ ಜಿಟಿಎಕ್ಸ್ 1650 ತಗೊಳ್ತೀನಿ, 75 ವ್ಯಾಟ್. ಆದರೆ ಇದೇ ಹೆಸರಿನಲ್ಲಿ 6 ಪಿನ್ ಬೇಕಾದ ಮಾಡೆಲ್‌ಗಳೂ ಇವೆ. ಫೋಟೋದಲ್ಲಿ ಕಾರ್ಡ್‌ನ ಮೇಲಂಚು ಕಾಣಿಸುವಂತೆ ಕೇಳಿ, ಅಲ್ಲಿ ಪಿನ್ ಇರಬಾರದು. ಬಜೆಟ್ ಇದ್ದರೆ ಆರ್‌ಟಿಎಕ್ಸ್ 3050ರ 6 ಜಿಬಿ ಮಾಡೆಲ್, 70 ವ್ಯಾಟ್. 8 ಜಿಬಿಯದ್ದು ಬೇರೆಯೇ ಕಾರ್ಡ್, 130 ವ್ಯಾಟ್, ಅದಕ್ಕೆ ವೈರ್ ಬೇಕು. 1050 ಟಿಐ ಅಗ್ಗಕ್ಕೆ ಸಿಗುತ್ತದೆ, ಕೆಲಸವೂ ಮಾಡುತ್ತದೆ. ಆದರೆ ಎನ್ವಿಡಿಯಾ 2025ರ ಅಕ್ಟೋಬರ್ ನಂತರ ಅದಕ್ಕೆ ಹೊಸ ಗೇಮ್ ಡ್ರೈವರ್ ನಿಲ್ಲಿಸಿ ಬರೀ ಸೆಕ್ಯುರಿಟಿ ಅಪ್‌ಡೇಟ್ ಇಟ್ಟಿದೆ. ಆರ್‌ಎಕ್ಸ್ 6400 ಕರೆಂಟ್ ಕಮ್ಮಿ ತಿನ್ನುತ್ತದೆ, ನಿಜ. ಆದರೆ ಅದು ಸ್ಲಾಟ್‌ನ ಡೇಟಾ ಲೇನ್‌ಗಳಲ್ಲಿ ನಾಲ್ಕನ್ನೇ ಬಳಸುತ್ತದೆ, ನಿಮ್ಮ ಬೋರ್ಡ್ ಹಳೇ ತಲೆಮಾರಿನ ಸ್ಲಾಟ್, ಅಲ್ಲಿ ಅದರ ವೇಗಕ್ಕೆ ಏಟು ಬೀಳುತ್ತದೆ.

"ನನ್ನ ಡೆಲ್‌ಗೂ 1650 ಹಾಕಿದೀನಿ, ಸೂಪರ್" ಅಂದವರಿಗೆ: ನಿಮ್ಮದು ಫೋಟೋದಲ್ಲಿ ಸಣ್ಣ ಡಬ್ಬ ಅಲ್ವಾ? ಅದಕ್ಕೆ ಅರ್ಧ ಎತ್ತರದ ಕಾರ್ಡೇ ಆಗಬೇಕು. ಇವರದು ಟವರ್, ಪೂರ್ತಿ ಎತ್ತರದ್ದೂ ಕೂರುತ್ತದೆ. ಉದ್ದ ಮಾತ್ರ ಟೇಪ್ ಹಿಡಿದು ಅಳೆಯಲಿ. ರ್‍ಯಾಮ್ ಹೆಚ್ಚಿಸಿ ಅಂದವರು ಪ್ರಶ್ನೆ ಇನ್ನೊಮ್ಮೆ ಓದಿ, 16 ಇದೆ.

ಕಾರ್ಡ್ ಕೂರಿಸಿದ ಮೇಲೆ ಮಾನಿಟರ್ ಕೇಬಲ್ ಕಾರ್ಡ್‌ಗೇ ಚುಚ್ಚಿ. ಆಮೇಲೆ ಒಂದು ಭಾರದ ಗೇಮ್ ಅರ್ಧ ಗಂಟೆ ಆಡಿ. ಮೆಷಿನ್ ದಿಢೀರ್ ಆಫ್ ಆದರೆ ಅಥವಾ ತಾನೇ ರೀಸ್ಟಾರ್ಟ್ ಆದರೆ ಈವೆಂಟ್ ವ್ಯೂವರ್‌ನಲ್ಲಿ ಇದು ಸಿಗುತ್ತದೆ:

```
Kernel-Power 41
```

ಮನೆಯ ಕರೆಂಟ್ ಹೋದರೂ ಇದೇ ಬರುತ್ತದೆ. ಆದ್ದರಿಂದ ಲೈಟ್ ಉರಿಯುತ್ತಿದ್ದು ಕಂಪ್ಯೂಟರ್ ಮಾತ್ರ ಆರಿತ್ತಾ ಅಂತ ನೋಡಿ. ಹಾಗಾದರೆ ನನಗೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೆ. ಪರದೆ ಕ್ಷಣ ಕಪ್ಪಾಗಿ ಮತ್ತೆ ಬಂದು, `Display 4101` ಕಂಡರೆ ಮೊದಲು ಡ್ರೈವರ್ ಹೊಸದಾಗಿ ಹಾಕಿ ನೋಡಿ. ಸೆಕೆಂಡ್ ಹ್ಯಾಂಡ್ ಆದ್ದರಿಂದ ಕಾರ್ಡೇ ಸುಸ್ತಾಗಿರಲೂಬಹುದು.

1660 ಸೂಪರೇ ಬೇಕು ಅಂತಿದ್ದರೆ ಎಸ್‌ಎಂಪಿಎಸ್ ಬದಲಿಸಬೇಕು. ಡೆಲ್‌ನ ಈ ಬೋರ್ಡ್‌ಗೆ ಮಾಮೂಲಿ 24 ಪಿನ್ ಹಿಡಿಯಲ್ಲ, 8 ಪಿನ್‌ಗೆ ಇಳಿಸೋ ಕೇಬಲ್ ಬೇಕು. ಅಂಗಡಿಯಲ್ಲಿ ಮಾಡೆಲ್ ಹೇಳಿಯೇ ತಗೊಳ್ಳಿ. ಬೇರೆ ಕಂಪನಿಯ ಕೇಬಲ್ ನೋಡಲು ಒಂದೇ ಥರ ಇದ್ದರೂ ವೈರ್ ಜೋಡಣೆ ಬೇರೆ ಇರಬಹುದು. ಕೆಲವರು ಸರಿಯಾದ ಕೇಬಲ್ ಹಾಕಿ ಚೆನ್ನಾಗಿ ಓಡಿಸ್ತಿದ್ದಾರೆ. ಆದರೆ ಹತ್ತು ವರ್ಷ ದಾಟಿದ ಬೋರ್ಡ್‌ಗೆ ಅಷ್ಟು ಖರ್ಚು ಮಾಡಬೇಕಾ ಅಂದರೆ ನನ್ನ ಮಟ್ಟಿಗೆ ಇಲ್ಲ. ಗುಂಪಿನಲ್ಲಿ ಇದಕ್ಕೆ ಒಪ್ಪದವರು ಇದ್ದಾರೆ, ಅವರೂ ಬರೆಯಲಿ. ಈಗಿರೋ ಎಸ್‌ಎಂಪಿಎಸ್‌ನ ಲೇಬಲ್ ಮತ್ತು ಒಳಗಿನ ವೈರ್‌ಗಳ ಫೋಟೋ ಹಾಕಿ. 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಬರೆದಿದೆ ನೋಡೋಣ.