ಹೊಸ ಡ್ರಿಪ್ ಬ್ಯಾಗ್ ಸುದ್ದಿ ಹಿಡಿದು ಮತ್ತೆ ಬರೆಯಬಹುದಾ?

ಪ್ರಶ್ನೆ: ಸೋಮವಾರಪೇಟೆಯ ನಮ್ಮ ತೋಟದ ಅರೇಬಿಕಾ ಕಾಫಿ ಸ್ಯಾಂಪಲ್ ಬೆಂಗಳೂರಿನ ರೋಸ್ಟರ್ ಒಬ್ಬರಿಗೆ ಕಳಿಸಿ ತಿಂಗಳಾಯ್ತು, ಉತ್ತರ ಇಲ್ಲ. ಈಗ ಅವರು ಕಪ್ ಮೇಲಿಟ್ಟು ಬಿಸಿನೀರು ಸುರಿಯುವ ಡ್ರಿಪ್ ಬ್ಯಾಗ್ ಕಾಫಿ ಮಾರುಕಟ್ಟೆಗೆ ಬಿಟ್ಟಿದ್ದಾರೆ. ಅದನ್ನೇ ಹಿಡಿದು ಬರೆಯಲಾ?

ಬರೆಯಿರಿ, ಸುದ್ದಿ ಹಳೆಯದಾಗುವ ಮೊದಲು, ಹಳೆಯ ಮೇಲ್‌ಗೇ ರಿಪ್ಲೈ ಮಾಡಿ. ಆದರೆ ಸುಮ್ನೆ ಅಭಿನಂದನೆ ಹೇಳಿ, ಕೆಳಗೆ ‘ಸ್ಯಾಂಪಲ್ ಏನಾಯ್ತು’ ಅಂದರೆ ನೆಪ ಎದ್ದು ಕಾಣುತ್ತದೆ. ಆ ಸುದ್ದಿಯಿಂದ ಅವರಿಗೆ ಹೊಸದಾಗಿ ಏನು ಬೇಕಾಗುತ್ತದೆ ನೋಡಿ: ಪ್ರತಿ ಬ್ಯಾಗ್‌ನಲ್ಲೂ ಒಂದೇ ರುಚಿ ಬರಬೇಕು, ಅದಕ್ಕೆ ಒಂದೇ ಲಾಟ್‌ನ ಬೀಜ ಜಾಸ್ತಿ ಬೇಕು, ಅಲ್ವಾ? ಹೀಗೆ ಬರೆಯಿರಿ:

‘ನಿಮ್ಮ ಡ್ರಿಪ್ ಬ್ಯಾಗ್ ನೋಡಿದೆ ಸರ್. ನಾನು ಕಳಿಸಿದ್ದ ಲಾಟ್‌ನಲ್ಲೇ ಇನ್ನೂ 6 ಮೂಟೆ ಇದೆ. ಟ್ರಯಲ್‌ಗೆ 250 ಗ್ರಾಂ ಕಳಿಸಲಾ?’

ಕೇಳುವುದು ಇದೊಂದೇ ಪ್ರಶ್ನೆ. ಅವರ ಪ್ಯಾಕೆಟ್ ಮೇಲೆ ಬರೀ ರೊಬಸ್ಟಾ ಅಂತಿದ್ದರೆ ಮಾತ್ರ ಬೇಡ, ನಿಮ್ಮದು ಅರೇಬಿಕಾ, ಪ್ಯಾಕೆಟ್ ಓದದೆ ಬರೆದದ್ದು ಗೊತ್ತಾಗಿಬಿಡುತ್ತದೆ.